ಸರ್ವೆಯಲ್ಲಿ 240 ಜನ, ಟೇಬಲ್‌ನಲ್ಲಿ 188: ಉಳಿದವರನ್ನು ಹುಡುಕುವುದು ಹೇಗೆ

ಸರ್ವೆ ಮುಗಿದ ಮೇಲೆ ಎಲ್ಲರೂ ಮೊದಲು ಮಾಡುವ ಕೆಲಸ ಒಂದೇ. ಯಾವ ಉತ್ತರ ಎಷ್ಟು ಜನರದ್ದು ಅಂತ ಎಣಿಸಿ ಒಂದು ಟೇಬಲ್ ಹಾಕುತ್ತಾರೆ. ಶಾಲೆಯಲ್ಲಿ ಆವರ್ತನ ಕೋಷ್ಟಕ ಅಂತ ಓದಿದ್ದು ಇದನ್ನೇ. ಕೆಳಗೆ ಒಂದು ಒಟ್ಟು ಸಾಲು ಇರುತ್ತದೆ. ಆ ಒಟ್ಟು, ಸರ್ವೆಗೆ ಉತ್ತರ ಕೊಟ್ಟವರ ಸಂಖ್ಯೆಗೆ ಸರಿಯಾಗಿ ಹೊಂದಬೇಕು. ಒಬ್ಬರೂ ಹೆಚ್ಚಿಲ್ಲ, ಒಬ್ಬರೂ ಕಡಿಮೆ ಇಲ್ಲ. ಹೊಂದದಿದ್ದರೆ ಯಾರೋ ಟೇಬಲ್‌ನಿಂದ ಹೊರಗೆ ಉಳಿದಿದ್ದಾರೆ, ಇಲ್ಲವೇ ಯಾರನ್ನೋ ಎರಡು ಸಲ ಎಣಿಸಿದ್ದೀರಿ.

ಇದನ್ನು ಒಂದು ಉದಾಹರಣೆ ಇಟ್ಟುಕೊಂಡು ಪೂರ್ತಿ ಮಾಡಿ ನೋಡೋಣ. ಬೆಂಗಳೂರಿನ ಕೋಣನಕುಂಟೆ ಕ್ರಾಸ್ ಹತ್ತಿರದ ಒಂದು ಬಡಾವಣೆ ಅಂದುಕೊಳ್ಳಿ. ಹಸಿರು ಮಾರ್ಗ ಯಲಚೇನಹಳ್ಳಿಯಿಂದ ಮುಂದೆ ಬಂದಿದ್ದು 2021ರಲ್ಲಿ. ಮೆಟ್ರೊ ನಿಲ್ದಾಣ ದೂರವೇನಿಲ್ಲ, ಆದರೆ ಮನೆಯಿಂದ ಅಲ್ಲಿಗೆ ಹೋಗುವುದೇ ಕಷ್ಟ. ಫೀಡರ್ ಬಸ್ ಕೇಳಬೇಕು, ಅದಕ್ಕೆ ಅಂಕಿ ಬೇಕು ಅಂತ ನಿವಾಸಿಗಳ ಸಂಘದವರು ಸರ್ವೆ ಮಾಡಿದ್ದಾರೆ. ಕೆಲವರು ಗೂಗಲ್ ಫಾರಂ ತುಂಬಿದ್ದಾರೆ. ಹಿರಿಯರ ಹತ್ತಿರ ಕಾಗದದ ಫಾರಂ ತುಂಬಿಸಿ, ಆಮೇಲೆ ಅದನ್ನು ಅದೇ ಶೀಟಿಗೆ ಕೈಯಲ್ಲಿ ಟೈಪ್ ಮಾಡಿದ್ದಾರೆ. ಇಲ್ಲಿನ ಅಂಕಿಗಳನ್ನು ಲೆಕ್ಕ ತೋರಿಸಲಿಕ್ಕೆಂದು ನಾನೇ ಹಾಕಿಕೊಂಡಿದ್ದು. ತಪ್ಪುಗಳು ಮಾತ್ರ ಇಂಥ ಎಲ್ಲ ಸರ್ವೆಗಳಲ್ಲೂ ಸಿಗುವಂಥವು.

ಮೊದಲು ಎಷ್ಟು ಜನ ಅಂತ ಗಟ್ಟಿ ಮಾಡಿಕೊಳ್ಳಿ

ಟೇಬಲ್ ಹಾಕುವ ಮೊದಲೇ ಉತ್ತರಿಸಿದವರ ಸಂಖ್ಯೆ ನಿಮ್ಮ ಕೈಯಲ್ಲಿರಬೇಕು. ಬಹಳ ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಟೇಬಲ್ ಹಾಕಿ, ಕೆಳಗೆ `SUM` ಕೊಟ್ಟು, ಬಂದ ಮೊತ್ತವನ್ನೇ "ಇಷ್ಟು ಜನ ಉತ್ತರಿಸಿದ್ದಾರೆ" ಅಂತ ಬರೆದುಬಿಡುತ್ತಾರೆ. ಹಾಗೆ ಮಾಡಿದರೆ ಮೊತ್ತ ಯಾವಾಗಲೂ ಹೊಂದುತ್ತದೆ, ಯಾಕೆಂದರೆ ಅದನ್ನು ಅದರ ಜೊತೆಗೇ ಹೋಲಿಸುತ್ತಿದ್ದೀರಿ. ಹೋಲಿಸುವ ಸಂಖ್ಯೆ ಟೇಬಲ್‌ನ ಹೊರಗಿನಿಂದಲೇ ಬರಬೇಕು.

ನಮ್ಮ ಉದಾಹರಣೆಯಲ್ಲಿ ಆನ್‌ಲೈನ್‌ನಲ್ಲಿ 203 ಸಾಲು, ಕಾಗದದಿಂದ 52 ಸಾಲು, ಒಟ್ಟು 255 ಸಾಲು ಇವೆ. 255 ಸಾಲು ಅಂದರೆ 255 ಜನ ಅಲ್ಲ. ಪ್ರತಿ ಸಾಲಿಗೂ ಮೊದಲ ಕಾಲಂನಲ್ಲಿ ಒಂದು ಐಡಿ ಕೊಡಿ. ಆನ್‌ಲೈನ್ ಸಾಲಿಗೆ ಆ-001, ಆ-002. ಕಾಗದಕ್ಕೆ ಕ-01, ಕ-02. ಕಾಗದದ ಫಾರಂ ಮೇಲೂ ಪೆನ್ನಲ್ಲಿ ಅದೇ ಐಡಿ ಬರೆದಿಡಿ. ಇದು ಮುಂದೆ ಎಷ್ಟು ಉಪಯೋಗಕ್ಕೆ ಬರುತ್ತದೆ ಅಂತ ಇನ್ನೊಂದು ಸ್ವಲ್ಪ ಹೊತ್ತಿಗೆ ಗೊತ್ತಾಗುತ್ತದೆ.

ಈಗ ಯಾರನ್ನು ಉತ್ತರಿಸಿದವರು ಅಂತ ಲೆಕ್ಕಕ್ಕೆ ತೆಗೆದುಕೊಳ್ಳುತ್ತೀರಿ ಅನ್ನುವುದಕ್ಕೆ ಒಂದು ನಿಯಮ ಬರೆದುಕೊಳ್ಳಿ. ಉದಾಹರಣೆಗೆ: ಬಡಾವಣೆಯಲ್ಲಿ ವಾಸ ಇರಬೇಕು, 18 ವರ್ಷ ಆಗಿರಬೇಕು, ನಾಲ್ಕನೇ ಪ್ರಶ್ನೆಗಾದರೂ ಉತ್ತರ ಕೊಟ್ಟಿರಬೇಕು. ಎಣಿಸುವುದು ಮನೆಗಳನ್ನೋ ಜನರನ್ನೋ ಅನ್ನುವುದನ್ನೂ ಇಲ್ಲೇ ತೀರ್ಮಾನ ಮಾಡಿ. ಜನರನ್ನು ಅಂತಾದರೆ ಒಂದೇ ಮನೆಯಿಂದ ಗಂಡ ಹೆಂಡತಿ ಇಬ್ಬರೂ ತುಂಬಿದ್ದು ಎರಡು ಉತ್ತರವೇ ಹೊರತು ಡೂಪ್ಲಿಕೇಟ್ ಅಲ್ಲ. ಮನೆ ನಂಬರ್ ಒಂದೇ ಇದೆ ಅಂತ ಸುಮ್ನೆ ಅಳಿಸಿಬಿಡಬೇಡಿ. ವಯಸ್ಸು, ಉತ್ತರಗಳು ಎಲ್ಲ ಒಂದೇ ಇದ್ದರೆ ಮಾತ್ರ ಅನುಮಾನಪಡಿ.

ನಿಯಮ ಹಚ್ಚಿ ನೋಡಿದಾಗ 7 ಸಾಲು ಡೂಪ್ಲಿಕೇಟ್, ಅಂದರೆ ಎರಡು ಸಲ ಸಬ್‌ಮಿಟ್ ಒತ್ತಿದವರು ಮತ್ತು ಆನ್‌ಲೈನ್‌ನಲ್ಲೂ ಕಾಗದದಲ್ಲೂ ಕೊಟ್ಟವರು. 4 ಸಾಲು ಬಡಾವಣೆಯ ಹೊರಗಿನವರದ್ದು. ಇನ್ನು 4 ಸಾಲಿನಲ್ಲಿ ಹೆಸರು ಬಿಟ್ಟರೆ ಏನೂ ಇಲ್ಲ. 255ರಲ್ಲಿ 15 ಹೋದರೆ 240. ಈ 15 ಸಾಲುಗಳನ್ನು ಅಳಿಸಬೇಡಿ. ಬೇರೆ ಶೀಟಿಗೆ ಸಾಗಿಸಿ, ಪಕ್ಕದಲ್ಲಿ ಕಾರಣ ಬರೆದಿಡಿ. ಮುಂದೆ ಯಾರಾದರೂ "255 ಜನ ತುಂಬಿದ್ದೆವಲ್ಲ, 240 ಹೇಗಾಯಿತು" ಅಂತ ಕೇಳಿದರೆ ತೋರಿಸಲಿಕ್ಕೆ ಅದೇ ಬೇಕು.

ಉಳಿದ ಸಾಲುಗಳು ಶೀಟಿನಲ್ಲಿ 2ರಿಂದ 241ರವರೆಗೆ ಇವೆ. ಈಗ ಎರಡು ಸೆಲ್‌ಗಳಲ್ಲಿ ಇದನ್ನು ಹಾಕಿ:

```
=COUNTA(A2:A241)
=COUNTUNIQUE(A2:A241)
```

ಎರಡೂ 240 ಅಂತ ಬರಬೇಕು. ಎರಡನೆಯದು ಕಡಿಮೆ ಬಂದರೆ ಒಂದೇ ಐಡಿ ಎರಡು ಕಡೆ ಇದೆ ಅಂತ ಅರ್ಥ. ಇದು ಗೂಗಲ್ ಶೀಟ್ಸ್‌ನ ಫಾರ್ಮುಲಾ, ಎಕ್ಸೆಲ್‌ನಲ್ಲಿ `COUNTUNIQUE` ಇಲ್ಲ. ಅಲ್ಲಿ ಐಡಿ ಕಾಲಂ ಸೆಲೆಕ್ಟ್ ಮಾಡಿ ಡೂಪ್ಲಿಕೇಟ್‌ಗಳಿಗೆ ಬಣ್ಣ ಹಚ್ಚಿಸಿ ನೋಡಬಹುದು. ಈ 240 ಅನ್ನು K1 ಸೆಲ್‌ನಲ್ಲಿ ಇಡಿ. ಮುಂದೆ ಹಾಕುವ ಪ್ರತಿಯೊಂದು ಟೇಬಲ್ ಈ ಸೆಲ್‌ಗೇ ಉತ್ತರ ಹೇಳಬೇಕು.

ಮೊದಲ ಎಣಿಕೆ: 188

ನಾಲ್ಕನೇ ಪ್ರಶ್ನೆ: ಕೆಲಸಕ್ಕೋ ಓದಲಿಕ್ಕೋ ದಿನಾ ಮನೆಯಿಂದ ಹೊರಗೆ ಹೋಗುತ್ತೀರಾ? ಹೌದು ಅಂದವರಿಗೆ ಮಾತ್ರ ಐದನೇ ಪ್ರಶ್ನೆ: ಹೆಚ್ಚಾಗಿ ಯಾವುದರಲ್ಲಿ ಹೋಗುತ್ತೀರಿ? ಒಂದೇ ಉತ್ತರ ಆರಿಸಬೇಕು. ನಾಲ್ಕನೆಯ ಉತ್ತರ D ಕಾಲಂನಲ್ಲಿದೆ, ಐದನೆಯದು E ಕಾಲಂನಲ್ಲಿ. H2ರಿಂದ H8ರವರೆಗೆ ಆಯ್ಕೆಗಳ ಹೆಸರು ಬರೆದು, ಪಕ್ಕದ I ಕಾಲಂನಲ್ಲಿ ಎಣಿಕೆ ಹಾಕಿದ್ದೇವೆ:

```
=COUNTIF($E$2:$E$241,H2)
```

ಆ ಡಾಲರ್ ಗುರುತು ಬಿಡಬೇಡಿ. ಅದಿಲ್ಲದೆ ಫಾರ್ಮುಲಾವನ್ನು ಕೆಳಗೆ ಎಳೆದರೆ ಎಣಿಸುವ ಜಾಗವೂ ಒಂದೊಂದೇ ಸಾಲು ಕೆಳಗೆ ಜಾರುತ್ತದೆ, ಮೇಲಿನ ಕೆಲವು ಸಾಲುಗಳು ಎಣಿಕೆಯಿಂದ ಹೊರಗೆ ಬೀಳುತ್ತವೆ.

ಬಂದಿದ್ದು ಹೀಗೆ. ಬಿಎಂಟಿಸಿ ಬಸ್ 41, ಮೆಟ್ರೊ 38, ಟೂವೀಲರ್ 67, ಕಾರು 22, ಆಟೊ ಅಥವಾ ಕ್ಯಾಬ್ 11, ನಡೆದು 9, ಇತರೆ 0. ಕೂಡಿಸಿದರೆ 188. ಬೇಕಾಗಿದ್ದು 240. ವ್ಯತ್ಯಾಸ 52.

ಇಲ್ಲಿ ಒಂದು ಕ್ಷಣ ನಿಲ್ಲಿ. ಕಾಗದದ ಫಾರಂ ಎಷ್ಟಿದ್ದವು? ಅವೂ 52. "ಓ, ಕಾಗದದ ಸಾಲುಗಳು ಎಣಿಕೆಗೆ ಬಂದಿಲ್ಲ, ಅಷ್ಟೇ" ಅಂತ ತೀರ್ಮಾನಕ್ಕೆ ಬರುವುದು ಎಷ್ಟು ಸುಲಭ ನೋಡಿ. ಆದರೆ ಅದು ಬರೀ ಕಾಕತಾಳೀಯ. ಡೂಪ್ಲಿಕೇಟ್ ತೆಗೆದ ಮೇಲೆ ಕಾಗದದ ಸಾಲು 52 ಉಳಿದೇ ಇರಲಿಕ್ಕಿಲ್ಲ. ವ್ಯತ್ಯಾಸದ ಸಂಖ್ಯೆ ನೋಡಿ ಕಾರಣ ಊಹಿಸಬಾರದು. ಯಾವ 52 ಸಾಲು ಬಿಟ್ಟುಹೋಗಿವೆ ಅಂತ ಕಣ್ಣಿಂದಲೇ ನೋಡಬೇಕು. ಅದಕ್ಕೆ ದಾರಿ ಇದೆ.

ಬಿಟ್ಟುಹೋದವರನ್ನು ಹೆಸರು ಹಿಡಿದು ಕರೆಯಿರಿ

ಡೇಟಾದ ಪಕ್ಕದಲ್ಲಿ ಖಾಲಿ ಇರುವ G ಕಾಲಂ ತೆಗೆದುಕೊಳ್ಳಿ. G2ರಲ್ಲಿ ಇದನ್ನು ಹಾಕಿ 241ನೇ ಸಾಲಿನವರೆಗೆ ಎಳೆಯಿರಿ:

```
=COUNTIF($H$2:$H$8,E2)
```

ಇಲ್ಲಿ ಲೆಕ್ಕವನ್ನು ಉಲ್ಟಾ ಮಾಡಿದ್ದೇವೆ. ಮೊದಲು ಪ್ರತಿ ಆಯ್ಕೆಗೆ ಎಷ್ಟು ಜನ ಅಂತ ಕೇಳಿದ್ದೆವು. ಈಗ ಪ್ರತಿ ವ್ಯಕ್ತಿಗೆ ಟೇಬಲ್‌ನಲ್ಲಿ ಎಷ್ಟು ಜಾಗ ಸಿಕ್ಕಿದೆ ಅಂತ ಕೇಳುತ್ತಿದ್ದೇವೆ. 1 ಬಂದರೆ ಸರಿ. 0 ಬಂದರೆ ಆ ವ್ಯಕ್ತಿ ಹೊರಗೆ ಉಳಿದಿದ್ದಾರೆ. 2 ಬಂದರೆ ಆಯ್ಕೆಗಳ ಪಟ್ಟಿಯಲ್ಲೇ ಒಂದು ಹೆಸರು ಎರಡು ಸಲ ಇದೆ. ಫಿಲ್ಟರ್ ಹಾಕಿ 0 ಇರುವ ಸಾಲುಗಳನ್ನು ಮಾತ್ರ ತೋರಿಸಿ. ಸರಿಯಾಗಿ 52 ಸಾಲು ಸಿಗುತ್ತವೆ. ಇನ್ನು ಊಹೆಯ ಮಾತೇ ಇಲ್ಲ.

ಅವುಗಳಲ್ಲಿ ಬಹುಪಾಲು ಖಾಲಿ ಸೆಲ್‌ಗಳು, 39. ಖಾಲಿ ಅಂದ ತಕ್ಷಣ ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಬೇಡಿ. ಪ್ರಶ್ನೆಯೇ ಅನ್ವಯಿಸದವರು ಬೇರೆ, ಪ್ರಶ್ನೆ ಇದ್ದೂ ಉತ್ತರಿಸದವರು ಬೇರೆ. D ಕಾಲಂ ನೋಡಿದರೆ ಗೊತ್ತಾಗುತ್ತದೆ:

```
=COUNTIFS($D$2:$D$241,"ಇಲ್ಲ",$E$2:$E$241,"")
=COUNTIFS($D$2:$D$241,"ಹೌದು",$E$2:$E$241,"")
```

ಮೊದಲನೆಯದು 34. ಇವರು ಮನೆಯಲ್ಲೇ ಇರುವವರು, ನಿವೃತ್ತರು, ಮನೆಯಿಂದಲೇ ಕೆಲಸ ಮಾಡುವವರು. ಇವರಿಗೆ ಐದನೇ ಪ್ರಶ್ನೆ ಬರಲೇ ಇಲ್ಲ. ಎರಡನೆಯದು 5. ಇವರು ಹೊರಗೆ ಹೋಗುತ್ತಾರೆ, ಆದರೆ ಹೇಗೆ ಅಂತ ಬರೆದಿಲ್ಲ. ಇನ್ನೊಂದನ್ನೂ ನೋಡಿಬಿಡಿ: ನಾಲ್ಕಕ್ಕೆ ಇಲ್ಲ ಅಂದು ಐದಕ್ಕೆ ಉತ್ತರ ಕೊಟ್ಟವರು ಇದ್ದಾರಾ? ಎರಡನೇ ಷರತ್ತಿನಲ್ಲಿ `""` ಬದಲು `"<>"` ಹಾಕಿದರೆ ಸಿಗುತ್ತದೆ. 0 ಬರಬೇಕು. ಕಾಗದದ ಫಾರಂಗಳಲ್ಲಿ ಇದು ಆಗಾಗ 0 ಇರುವುದಿಲ್ಲ. ಆನ್‌ಲೈನ್ ಫಾರಂ ಪ್ರಶ್ನೆಯನ್ನು ತಾನೇ ದಾಟಿಸುತ್ತದೆ, ಕಾಗದ ಹಾಗೆ ಮಾಡುವುದಿಲ್ಲ ಅಲ್ವಾ.

ಉಳಿದ 13 ಸಾಲುಗಳಲ್ಲಿ ಉತ್ತರ ಇದೆ, ಆದರೂ ಎಣಿಕೆಗೆ ಸಿಕ್ಕಿಲ್ಲ. ಐದು ಸೆಲ್‌ಗಳಲ್ಲಿ "ಮೆಟ್ರೋ" ಅಂತಿದೆ, ನಮ್ಮ ಪಟ್ಟಿಯಲ್ಲಿ ಇರುವುದು "ಮೆಟ್ರೊ". ಓದುವವರಿಗೆ ಎರಡೂ ಒಂದೇ, ಶೀಟಿಗೆ ಎರಡು ಬೇರೆ ಬೇರೆ ಪದ. ಕನ್ನಡದಲ್ಲಿ ಸರ್ವೆ ಮಾಡುವವರು ಇದಕ್ಕೆ ವಿಶೇಷವಾಗಿ ಕಣ್ಣಿಡಬೇಕು: ಆಟೊ ಮತ್ತು ಆಟೋ, ಕಾರು ಮತ್ತು ಕಾರ್, ಟೂವೀಲರ್ ಮತ್ತು ಟೂ ವೀಲರ್, ಎಲ್ಲವೂ ಹೀಗೇ ಒಡೆಯುತ್ತವೆ. ಒಂದು ಸೆಲ್‌ನಲ್ಲಿ "ಕಾರು" ಅಂತಲೇ ಇದೆ, ಆದರೆ ಕೊನೆಯಲ್ಲಿ ಒಂದು ಸ್ಪೇಸ್ ಸೇರಿಕೊಂಡಿದೆ. ಇದು ಕಣ್ಣಿಗೆ ಕಾಣುವುದೇ ಇಲ್ಲ. `=LEN(E57)` ತರಹ ಹಾಕಿ, ಸರಿ ಇರುವ ಸೆಲ್‌ಗಿಂತ ಒಂದು ಜಾಸ್ತಿ ಬಂದರೆ ಅದೇ ಕಾರಣ. `TRIM` ಹಾಕಿದರೆ ಹೋಗುತ್ತದೆ.

ಮೂರು ಸೆಲ್‌ಗಳಲ್ಲಿ ಬರೀ "ಬಸ್" ಅಂತಿದೆ. ಇವನ್ನು ಸೀದಾ ಬಿಎಂಟಿಸಿಗೆ ಸೇರಿಸಿಬಿಡೋಣ ಅನ್ನಿಸುತ್ತದೆ, ಆದರೆ ಅದು ಕಂಪನಿ ಬಸ್ ಕೂಡ ಆಗಿರಬಹುದು. ಐಡಿ ನೋಡಿದರೆ ಮೂರೂ ಕಾಗದದವು. ಅದೇ ನಂಬರಿನ ಫಾರಂ ತೆಗೆದು ನೋಡಿದಾಗ ಬಿಎಂಟಿಸಿ ಬಾಕ್ಸಿಗೇ ಟಿಕ್ ಇದೆ, ಟೈಪ್ ಮಾಡಿದವರು ಚಿಕ್ಕದಾಗಿ ಬರೆದಿದ್ದಾರೆ. ಈಗ ಸೇರಿಸಬಹುದು. ಐಡಿ ಇಲ್ಲದಿದ್ದರೆ ಈ ಮೂವರನ್ನು ಎಲ್ಲಿ ಹಾಕುವುದು ಅಂತ ಖಚಿತವಾಗಿ ಹೇಳಲು ಆಗುತ್ತಲೇ ಇರಲಿಲ್ಲ.

ಕೊನೆಯ ನಾಲ್ಕು ಇತರೆಯವರು. ಮೂವರು "ಕಂಪನಿ ಬಸ್" ಅಂತ, ಒಬ್ಬರು "ಸೈಕಲ್" ಅಂತ ಬರೆದಿದ್ದಾರೆ. ಗೂಗಲ್ ಫಾರಂನಲ್ಲಿ ಇತರೆ ಆಯ್ಕೆ ಒತ್ತಿ ಏನಾದರೂ ಬರೆದರೆ ಶೀಟಿಗೆ ಬರುವುದು ಬರೆದ ಮಾತು ಮಾತ್ರ. "ಇತರೆ" ಅನ್ನುವ ಪದ ಬರುವುದಿಲ್ಲ. ಅದಕ್ಕೇ ಇತರೆ ಸಾಲಿನಲ್ಲಿ 0 ಬಂದಿದ್ದು. ಇತರೆ ಆಯ್ಕೆ ಇಟ್ಟಿದ್ದೀರಿ, ಟೇಬಲ್‌ನಲ್ಲಿ ಅದು 0 ಇದೆ ಅಂದರೆ ಮೊದಲು ಇದನ್ನೇ ಅನುಮಾನಪಡಿ.

34, 5, 5, 1, 3, 4. ಕೂಡಿಸಿ ನೋಡಿ, 52. ಒಬ್ಬೊಬ್ಬರೂ ಯಾಕೆ ಹೊರಗಿದ್ದರು ಅಂತ ಗೊತ್ತಾಗಿದೆ.

ತಿದ್ದುವಾಗ ಮೂಲ E ಕಾಲಂನ ಒಂದು ನಕಲನ್ನು ಬೇರೆ ಶೀಟಿನಲ್ಲಿ ಇಟ್ಟುಕೊಂಡೇ ತಿದ್ದಿ. ಇತರೆಯವರು ಬರೆದ ಮಾತನ್ನು ಪಕ್ಕದ ಕಾಲಂಗೆ ಸಾಗಿಸಿ, E ಕಾಲಂನಲ್ಲಿ "ಇತರೆ" ಅಂತ ಹಾಕಿ. ಖಾಲಿ ಸೆಲ್‌ಗಳಲ್ಲೂ "ಉತ್ತರಿಸಿಲ್ಲ" ಅಥವಾ "ಅನ್ವಯಿಸುವುದಿಲ್ಲ" ಅಂತ ಬರೆದುಬಿಡಿ. ಟೇಬಲ್‌ಗೂ ಆ ಎರಡು ಸಾಲು ಸೇರಿಸಿ. ಈಗ ಎಣಿಕೆ ಹೀಗಿರುತ್ತದೆ:

| ಹೇಗೆ ಹೋಗುತ್ತಾರೆ | ಜನ |
|---|---|
| ಬಿಎಂಟಿಸಿ ಬಸ್ | 44 |
| ಮೆಟ್ರೊ | 43 |
| ಟೂವೀಲರ್ | 67 |
| ಕಾರು | 23 |
| ಆಟೊ ಅಥವಾ ಕ್ಯಾಬ್ | 11 |
| ನಡೆದು | 9 |
| ಇತರೆ | 4 |
| ಉತ್ತರಿಸಿಲ್ಲ | 5 |
| ಅನ್ವಯಿಸುವುದಿಲ್ಲ | 34 |
| ಒಟ್ಟು | 240 |

ಒಟ್ಟು ಸಾಲಿನ ಪಕ್ಕದಲ್ಲಿ ಒಂದು ತಪಾಸಣೆಯ ಸೆಲ್ ಇಡಿ:

```
=SUM(I2:I10)-$K$1
```

0 ಬಂದರೆ ಸರಿ. ಮೈನಸ್ ಬಂದರೆ ಯಾರೋ ಹೊರಗಿದ್ದಾರೆ, ಪ್ಲಸ್ ಬಂದರೆ ಯಾರೋ ಎರಡು ಕಡೆ ಇದ್ದಾರೆ. ಬರೀ "ತಪ್ಪು" ಅಂತ ತೋರಿಸುವುದಕ್ಕಿಂತ ಹೀಗೆ ಮಾಡಿದರೆ ಯಾವ ಕಡೆ ಹುಡುಕಬೇಕು ಅಂತ ಕೂಡಲೇ ತಿಳಿಯುತ್ತದೆ.

ಉತ್ತರಿಸದವರಿಗೂ ಒಂದು ಸಾಲು ಕೊಡುವುದು ಟೇಬಲ್ ನೋಡಲು ಚೆನ್ನಾಗಿರಲ್ಲ ಅಂತ ಕೆಲವರು ತೆಗೆದುಬಿಡುತ್ತಾರೆ. ದಯವಿಟ್ಟು ತೆಗೆಯಬೇಡಿ. ಭಾರತದ ಜನಗಣತಿಯ ವಯಸ್ಸಿನ ಕೋಷ್ಟಕಗಳಲ್ಲೇ ವಯಸ್ಸು ತಿಳಿಸದವರಿಗೆ ಅಂತ ಪ್ರತ್ಯೇಕ ಸಾಲು ಇರುತ್ತದೆ. ಅವರೂ ಸೇರಿದರೇನೇ ಒಟ್ಟು ಜನಸಂಖ್ಯೆಗೆ ಲೆಕ್ಕ ಹೊಂದುವುದು.

ಪಿವಟ್ ಟೇಬಲ್ ಬಳಸುವವರಿಗೆ ಒಂದು ಎಚ್ಚರಿಕೆ. ಖಾಲಿ ಸೆಲ್‌ಗಳನ್ನು ತುಂಬದೆ, ಐದನೇ ಪ್ರಶ್ನೆಯನ್ನೇ Rows ಮತ್ತು Values ಎರಡಕ್ಕೂ ಎಳೆದರೆ ಖಾಲಿ ಇರುವವರ ಎಣಿಕೆ ಬರುವುದಿಲ್ಲ, ಯಾಕೆಂದರೆ ಅದು ಖಾಲಿ ಅಲ್ಲದ ಸೆಲ್‌ಗಳನ್ನಷ್ಟೇ ಎಣಿಸುತ್ತದೆ. Values ಜಾಗಕ್ಕೆ ಐಡಿ ಕಾಲಂ ಎಳೆಯಿರಿ. ಐಡಿ ಎಲ್ಲರಿಗೂ ಇರುತ್ತದೆ, ಹಾಗಾಗಿ ಎಲ್ಲರೂ ಎಣಿಕೆಗೆ ಬರುತ್ತಾರೆ. ಪೈಥಾನ್‌ನ ಪಾಂಡಾಸ್ ಬಳಸುವವರು `value_counts(dropna=False)` ಅಂತ, ಆರ್ ಬಳಸುವವರು `table(x, useNA = "ifany")` ಅಂತ ಕೊಡಬೇಕು. ಇಲ್ಲದಿದ್ದರೆ ಎರಡೂ ಖಾಲಿ ಇರುವವರನ್ನು ಹೇಳದೆ ಕೇಳದೆ ಬಿಟ್ಟುಬಿಡುತ್ತವೆ.

ಶೇಕಡಾ ಹಾಕುವಾಗ ಯಾವುದರಿಂದ ಭಾಗಿಸುತ್ತೀರಿ?

ಬಿಎಂಟಿಸಿ ಬಸ್ಸಿನವರು 44. ಎಲ್ಲ 240 ಜನರಿಂದ ಭಾಗಿಸಿದರೆ ಶೇ. 18.3. ಉತ್ತರ ಕೊಟ್ಟ 201 ಜನರಿಂದ ಭಾಗಿಸಿದರೆ ಶೇ. 21.9. ಎರಡೂ ಸರಿ, ಆದರೆ ಎರಡೂ ಹೇಳುವ ಮಾತು ಬೇರೆ. ಮೊದಲನೆಯದು ಸರ್ವೆಗೆ ಸಿಕ್ಕ ಜನರಲ್ಲಿ ಬಸ್ಸಿನಲ್ಲಿ ಹೋಗುವವರು. ಎರಡನೆಯದು ಹೇಗೆ ಹೋಗುತ್ತೇವೆ ಅಂತ ಹೇಳಿದವರಲ್ಲಿ ಬಸ್ಸಿನಲ್ಲಿ ಹೋಗುವವರು. ಎಸ್‌ಪಿಎಸ್‌ಎಸ್ ಸಾಫ್ಟ್‌ವೇರ್ ಇವನ್ನು Percent ಮತ್ತು Valid Percent ಅಂತ ಎರಡು ಕಾಲಂ ಮಾಡಿಯೇ ಕೊಡುತ್ತದೆ. ಫೀಡರ್ ಬಸ್ ಕೇಳುವ ಮನವಿಗೆ ಎರಡನೆಯದು ಹೆಚ್ಚು ಉಪಯೋಗ ಅಂತ ನನ್ನ ಅಭಿಪ್ರಾಯ. ಯಾವುದನ್ನೇ ಹಾಕಿ, ಯಾವ ಸಂಖ್ಯೆಯಿಂದ ಭಾಗಿಸಿದ್ದು ಅಂತ ಟೇಬಲ್ ಮೇಲೇ ಬರೆಯಿರಿ.

ಇನ್ನು ಶೇಕಡಾಗಳ ಮೊತ್ತ. ಜನರ ಸಂಖ್ಯೆ ಕೂಡಿದಾಗ ಒಂದೂ ಹೆಚ್ಚುಕಮ್ಮಿ ಆಗಬಾರದು, ಶೇಕಡಾಗಳು ಕೂಡಿದಾಗ ಆಗಬಹುದು. 201ರ ಮೇಲೆ ಒಂದು ದಶಮಾಂಶಕ್ಕೆ ಹಾಕಿದರೆ 21.9, 21.4, 33.3, 11.4, 5.5, 4.5, 2.0 ಬರುತ್ತವೆ, ಮೊತ್ತ ಸರಿಯಾಗಿ 100. ಅದೇ ಪೂರ್ಣಾಂಕಕ್ಕೆ ಹಾಕಿದರೆ 22, 21, 33, 11, 5, 4, 2. ಮೊತ್ತ 98! ಗಾಬರಿ ಬೇಡ, ಜನ ಯಾರೂ ಕಳೆದುಹೋಗಿಲ್ಲ. ಏಳರಲ್ಲಿ ಐದು ಸಂಖ್ಯೆ ಕೆಳಕ್ಕೆ ಇಳಿದಿವೆ, ಅಷ್ಟೇ.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಆಟೊದವರು 11, ಅಂದರೆ ಶೇ. 5.47. ನಡೆದು ಹೋಗುವವರು 9, ಅಂದರೆ ಶೇ. 4.48. ಮೊದಲು 5.5 ಮತ್ತು 4.5 ಅಂತ ಮಾಡಿ, ಅದನ್ನು ಮತ್ತೆ ಪೂರ್ಣಾಂಕ ಮಾಡಿದರೆ 6 ಮತ್ತು 5 ಆಗುತ್ತದೆ. ಆಗ ಮೊತ್ತ ಚೆನ್ನಾಗಿ 100 ಬರುತ್ತದೆ. ಆದರೆ ಎರಡೂ ಸಂಖ್ಯೆ ತಪ್ಪು, ಎರಡೂ 5 ಮತ್ತು 4ಕ್ಕೇ ಹತ್ತಿರ. ಯಾವಾಗಲೂ ಮೂಲ ಭಾಗಾಕಾರದಿಂದಲೇ ಒಂದೇ ಸಲ ಪೂರ್ಣಾಂಕ ಮಾಡಿ. 100 ಬರಿಸಲಿಕ್ಕೆಂದು ಯಾವುದೋ ಸಾಲಿಗೆ ಒಂದು ಸೇರಿಸುವುದೂ ಬೇಡ. "ಪೂರ್ಣಾಂಕ ಮಾಡಿದ್ದರಿಂದ ಮೊತ್ತ 100 ಆಗದೆ ಇರಬಹುದು" ಅಂತ ಟೇಬಲ್ ಕೆಳಗೆ ಒಂದು ಸಾಲು ಬರೆದರೆ ಸಾಕು.

ಮೊತ್ತ ಜಾಸ್ತಿ ಬಂದಾಗ: ವಯಸ್ಸಿನ ಗುಂಪುಗಳು

ಇದೇ ಸರ್ವೆಯಲ್ಲಿ ವಯಸ್ಸು F ಕಾಲಂನಲ್ಲಿದೆ. ಗುಂಪುಗಳನ್ನು 18–25, 25–35, 35–50, 50–65, 65 ಮತ್ತು ಮೇಲೆ ಅಂತ ಮಾಡಿ, ಪ್ರತಿ ಗುಂಪಿಗೂ `>=` ಮತ್ತು `<=` ಹಾಕಿ ಎಣಿಸಿದ್ದಾರೆ. ಮೊತ್ತ 258. ಅಂದರೆ 18 ಜಾಸ್ತಿ.

ಕಾರಣ ಮೇಲ್ನೋಟಕ್ಕೇ ಕಾಣುತ್ತದೆ. 25 ವರ್ಷದವರು ಮೊದಲ ಗುಂಪಿನಲ್ಲೂ ಇದ್ದಾರೆ, ಎರಡನೆಯದರಲ್ಲೂ ಇದ್ದಾರೆ. ಗಡಿಯ ಮೇಲಿರುವವರನ್ನು ಎಣಿಸಿ ನೋಡೋಣ. ಸರಿಯಾಗಿ 25 ವರ್ಷದವರು 6, 35ರವರು 8, 50ರವರು 5, 65ರವರು 2. ಕೂಡಿದರೆ 21. ಆದರೆ ಹೆಚ್ಚು ಬಂದಿದ್ದು 18 ಮಾತ್ರ. ಇನ್ನು ಮೂರು ಎಲ್ಲಿ ಹೋಯಿತು?

"ಹತ್ತಿರ ಹತ್ತಿರ ಸಿಕ್ಕಿತಲ್ಲ" ಅಂತ ಇಲ್ಲಿ ಬಿಡಬಾರದು. ಎರಡು ತಪ್ಪುಗಳು ಎದುರುಬದುರಾಗಿ ಎಳೆಯುತ್ತಿವೆ. ಮೂವರ ವಯಸ್ಸಿನ ಸೆಲ್‌ನಲ್ಲಿ "42 ವರ್ಷ" ಅನ್ನುವ ತರಹ ಟೈಪ್ ಮಾಡಿದ್ದಾರೆ. ಶೀಟಿಗೆ ಅದು ಸಂಖ್ಯೆಯಲ್ಲ, ಪದ. ಹಾಗಾಗಿ ಯಾವ ಗುಂಪಿಗೂ ಸಿಕ್ಕಿಲ್ಲ. 21 ಜನ ಎರಡು ಸಲ ಎಣಿಕೆಯಾದರು, 3 ಜನ ಒಂದು ಸಲವೂ ಆಗಲಿಲ್ಲ, ಹಾಗಾಗಿ 18. ಒಂದು ವೇಳೆ ಹಾಗೆ ಟೈಪ್ ಮಾಡಿದವರು ಮೂವರ ಬದಲು 21 ಜನ ಇದ್ದಿದ್ದರೆ? ಮೊತ್ತ ಸರಿಯಾಗಿ 240 ಬರುತ್ತಿತ್ತು. ತಪಾಸಣೆಯ ಸೆಲ್ 0 ತೋರಿಸುತ್ತಿತ್ತು. ಟೇಬಲ್ ಪೂರ್ತಿ ತಪ್ಪಿರುತ್ತಿತ್ತು.

ಅದಕ್ಕೇ ಮೊತ್ತ ಹೊಂದಿತು ಅನ್ನುವುದೊಂದೇ ಸಾಲದು. ಪ್ರತಿ ವ್ಯಕ್ತಿಗೂ ಒಂದೇ ಒಂದು ಗುಂಪು ಸಿಗುವ ಹಾಗೆ ಮಾಡಬೇಕು. ಗುಂಪುಗಳನ್ನು ನೇರವಾಗಿ ಎಣಿಸುವ ಬದಲು, ಒಂದು ಖಾಲಿ ಕಾಲಂನಲ್ಲಿ ಪ್ರತಿಯೊಬ್ಬರ ಗುಂಪಿನ ಹೆಸರು ಬರೆಸಿ:

```
=IFS(NOT(ISNUMBER(F2)),"ಗೊತ್ತಿಲ್ಲ",F2<25,"18ರಿಂದ 24",F2<35,"25ರಿಂದ 34",F2<50,"35ರಿಂದ 49",F2<65,"50ರಿಂದ 64",TRUE,"65 ಮತ್ತು ಮೇಲೆ")
```

ಇದು ಎಡದಿಂದ ಬಲಕ್ಕೆ ನೋಡುತ್ತಾ ಹೋಗಿ, ಮೊದಲು ಹೊಂದಿದ ಕಡೆ ನಿಲ್ಲುತ್ತದೆ. ಹಾಗಾಗಿ ಒಬ್ಬರು ಎರಡು ಗುಂಪಿಗೆ ಸೇರಲು ಸಾಧ್ಯವೇ ಇಲ್ಲ. ಸಂಖ್ಯೆಯಲ್ಲದ್ದು, ಖಾಲಿ ಇರುವುದು ಎಲ್ಲ "ಗೊತ್ತಿಲ್ಲ" ಗುಂಪಿಗೆ ಹೋಗುತ್ತದೆ, ಕಣ್ಣಿಗೂ ಬೀಳುತ್ತದೆ. ಆ ಮೂವರ ಸೆಲ್ ತಿದ್ದಿದ ಕೂಡಲೇ ಅವರು ತಮ್ಮ ತಮ್ಮ ಗುಂಪಿಗೆ ಸೇರುತ್ತಾರೆ. ಆಮೇಲೆ ಈ ಹೊಸ ಕಾಲಂ ಮೇಲೆ `COUNTIF` ಹಾಕಿ. ಒಂದು ಮಾತು, 18 ವರ್ಷದ ಕೆಳಗಿನವರನ್ನು ಮೊದಲೇ ತೆಗೆದಿರಬೇಕು. ಇಲ್ಲದಿದ್ದರೆ ಅವರೂ ಮೊದಲ ಗುಂಪಿಗೇ ಸೇರುತ್ತಾರೆ.

ಮೊತ್ತ ಹೊಂದಲೇಬಾರದ ಪ್ರಶ್ನೆ

ಎಂಟನೇ ಪ್ರಶ್ನೆ: ಮೆಟ್ರೊ ನಿಲ್ದಾಣಕ್ಕೆ ಹೋಗಲು ಏನೇನು ತೊಂದರೆ? ಎಷ್ಟು ಬೇಕಾದರೂ ಟಿಕ್ ಮಾಡಬಹುದು. ಫೀಡರ್ ಬಸ್ ಇಲ್ಲ 131, ಫುಟ್‌ಪಾತ್ ಇಲ್ಲ 96, ಪಾರ್ಕಿಂಗ್ ಇಲ್ಲ 74, ಆಟೊ ಸಿಗಲ್ಲ 58, ತೊಂದರೆ ಏನಿಲ್ಲ 27. ಮೊತ್ತ 386. ಇದು ತಪ್ಪಲ್ಲ. 386 ಅನ್ನುವುದು ಟಿಕ್‌ಗಳ ಸಂಖ್ಯೆ, ಜನರದ್ದಲ್ಲ. ಈ ಟೇಬಲ್‌ಗೆ 240 ಬರಿಸಲು ಹೋದರೆ ಇದ್ದ ಉತ್ತರವೂ ಕೆಡುತ್ತದೆ.

ಆದರೆ ಹಾಗಂತ ಇದಕ್ಕೆ ತಪಾಸಣೆಯೇ ಇಲ್ಲ ಅಂದುಕೊಳ್ಳಬೇಡಿ. ಗೂಗಲ್ ಫಾರಂ ಈ ಟಿಕ್‌ಗಳನ್ನೆಲ್ಲ ಒಂದೇ ಸೆಲ್‌ನಲ್ಲಿ, ಮಧ್ಯೆ ಕಾಮಾ ಹಾಕಿ ಕೊಡುತ್ತದೆ. ಪ್ರತಿ ಆಯ್ಕೆಗೆ ಒಂದೊಂದು ಕಾಲಂ ಮಾಡಿ, ಟಿಕ್ ಇದ್ದರೆ 1, ಇಲ್ಲದಿದ್ದರೆ 0 ಹಾಕಿ. ಆಯ್ಕೆಯ ಪೂರ್ತಿ ಮಾತನ್ನೇ ಕೊಟ್ಟು ಹುಡುಕಿ. "ಇಲ್ಲ" ಅಂತ ಅರ್ಧಂಬರ್ಧ ಕೊಟ್ಟರೆ ಫೀಡರ್ ಬಸ್, ಫುಟ್‌ಪಾತ್, ಪಾರ್ಕಿಂಗ್ ಮೂರೂ ಸಿಕ್ಕಿಬಿಡುತ್ತವೆ. ಆಮೇಲೆ ಪ್ರತಿಯೊಬ್ಬರೂ ಎಷ್ಟು ಟಿಕ್ ಹಾಕಿದ್ದಾರೆ ಅಂತ ಆ ಕಾಲಂಗಳನ್ನು ಅಡ್ಡಲಾಗಿ ಕೂಡಿಸಿ. ಈಗ ಆ ಕೂಡಿಕೆಗೇ ಒಂದು ಟೇಬಲ್ ಹಾಕಿ:

| ಹಾಕಿದ ಟಿಕ್ | ಜನ |
|---|---|
| 0 | 12 |
| 1 | 110 |
| 2 | 83 |
| 3 | 30 |
| 4 | 5 |
| ಒಟ್ಟು | 240 |

ಈ ಟೇಬಲ್ ಜನರನ್ನು ಎಣಿಸುತ್ತದೆ, ಹಾಗಾಗಿ 240ಕ್ಕೆ ಹೊಂದಲೇಬೇಕು. ಜೊತೆಗೆ ಇನ್ನೊಂದು ಲೆಕ್ಕವೂ ಇದರಲ್ಲೇ ಸಿಗುತ್ತದೆ. 110 ಜನರ ಒಂದೊಂದು ಟಿಕ್ 110, 83 ಜನರ ಎರಡೆರಡು 166, 30 ಜನರ ಮೂರು ಮೂರು 90, ಐವರ ನಾಲ್ಕು ನಾಲ್ಕು 20. ಒಟ್ಟು 386. ಮೇಲಿನ ಟೇಬಲ್‌ನ ಮೊತ್ತವೂ ಅದೇ. ಒಂದು ಟೇಬಲ್ ಜನರ ಕಡೆಯಿಂದ ಬಂದಿದ್ದು, ಇನ್ನೊಂದು ಆಯ್ಕೆಗಳ ಕಡೆಯಿಂದ ಬಂದಿದ್ದು, ಎರಡೂ ಒಂದೇ ಕಡೆ ಸೇರಿವೆ. ಐದು ಟಿಕ್ ಹಾಕಿದವರು ಯಾರಾದರೂ ಸಿಕ್ಕಿದ್ದರೆ ಅವರ ಫಾರಂ ತೆಗೆದು ನೋಡಬೇಕಿತ್ತು. ಎಲ್ಲ ತೊಂದರೆಗಳಿಗೂ ಟಿಕ್ ಹಾಕಿ, ತೊಂದರೆ ಏನಿಲ್ಲ ಅಂತಲೂ ಹಾಕಿದ್ದಾರೆ ಅಂತಾಗುತ್ತದೆ.

ಶೇಕಡಾವನ್ನು ಒಂದಾದರೂ ಟಿಕ್ ಹಾಕಿದ 228 ಜನರ ಮೇಲೆ ಹಾಕಿ. ಫೀಡರ್ ಬಸ್ ಇಲ್ಲ ಅಂದವರು 131, ಅಂದರೆ ಶೇ. 57.5. ಅದನ್ನೇ 386ರಿಂದ ಭಾಗಿಸಿದರೆ ಶೇ. 33.9 ಬರುತ್ತದೆ. ಆಗ ಅರ್ಧಕ್ಕಿಂತ ಹೆಚ್ಚು ಜನರ ದೂರು ಮೂರರಲ್ಲಿ ಒಂದು ಭಾಗದವರದ್ದು ಅನ್ನುವ ಹಾಗೆ ಕಾಣುತ್ತದೆ. ಮನವಿ ಪತ್ರದಲ್ಲಿ ಈ ಟೇಬಲ್‌ಗೆ ಒಟ್ಟು ಸಾಲು ಹಾಕಲೇಬೇಡಿ. ಅದರ ಬದಲು ಕೆಳಗೆ ಹೀಗೆ ಬರೆಯಿರಿ: "ಸರ್ವೆಗೆ ಉತ್ತರಿಸಿದವರು 240. ಈ ಪ್ರಶ್ನೆಗೆ ಉತ್ತರಿಸಿದವರು 228, ಉತ್ತರಿಸದವರು 12. ಒಬ್ಬರು ಒಂದಕ್ಕಿಂತ ಹೆಚ್ಚು ಉತ್ತರ ಕೊಡಬಹುದಿತ್ತು, ಹಾಗಾಗಿ ಶೇಕಡಾಗಳ ಮೊತ್ತ 100ಕ್ಕಿಂತ ಹೆಚ್ಚಿದೆ."